ಹೆಸರು ಮೊದಲು, ಪ್ರಶ್ನೆ ಕೊನೆಗೆ

ಬಯೋಡೇಟಾ ಓದದೆ ಅತಿಥಿಯನ್ನು ಪರಿಚಯಿಸುತ್ತೇನೆ ಎಂದರೆ ಆಯೋಜಕರ ಮುಖ ಸಪ್ಪಗಾಗುತ್ತದೆ. ‘ಅವರಿಗೆ ಬೇಜಾರಾದರೆ?’ ಎನ್ನುವವರೇ ಎಲ್ಲ. ಸಭಿಕರ ಮುಂದೆ ಒಂದೇ ಪ್ರಶ್ನೆ ಇಟ್ಟು, ಅದರ ಉತ್ತರವಾಗಿಯೇ ಉಪನ್ಯಾಸ ಶುರುವಾಗುವಂತೆ ಮಾಡುವ ಈ ಪದ್ಧತಿ ಈಗ ಹತ್ತರಲ್ಲಿ ಏಳೆಂಟು ಸಲ ಸರಿಯಾಗಿ ಕೂರುತ್ತದೆ. ಹಾಗಾಗಿ ಅನುಮಾನಪಟ್ಟವರು ಈಗ ಚಕಾರ ಎತ್ತುವುದಿಲ್ಲ.

ಹೆಚ್ಚಿನವರು ಎಡವುವುದು ಪ್ರಶ್ನೆಯಲ್ಲಿ ಅಲ್ಲ, ಕ್ರಮದಲ್ಲಿ. ರೂಢಿಯಲ್ಲಿ ಹೆಸರು ಕೊನೆಗೆ ಬರುತ್ತದೆ, ಹೆಸರು ಬಿದ್ದೊಡನೆ ಚಪ್ಪಾಳೆ. ಆಗತಾನೆ ಕೇಳಿದ ಪ್ರಶ್ನೆ ಆ ಸದ್ದಿನಲ್ಲಿ ಕೊಚ್ಚಿಹೋಗುತ್ತದೆ. ಅತಿಥಿಯೂ ಚಪ್ಪಾಳೆಗೆ ಮಾರುತ್ತರವಾಗಿ ‘ಧನ್ಯವಾದ’ದಿಂದಲೇ ಆರಂಭಿಸುತ್ತಾರೆ. ಅದಕ್ಕೇ ಹೆಸರನ್ನು ಮೊದಲ ವಾಕ್ಯದಲ್ಲೇ ಹೇಳಿ ಚಪ್ಪಾಳೆಯನ್ನು ಅಲ್ಲೇ ಮುಗಿಸಬೇಕು. ಆಮೇಲೆ ಅವರ ಬಗ್ಗೆ ಒಂದೇ ಸಂಗತಿ, ಬರಲಿರುವ ಪ್ರಶ್ನೆಗೆ ಇವರೇ ಉತ್ತರಿಸಬಲ್ಲರು ಎಂದು ತೋರಿಸುವಂಥದ್ದು. ಹುದ್ದೆ, ಪ್ರಶಸ್ತಿಗಳೆಲ್ಲ ಕರಪತ್ರದಲ್ಲಿರಲಿ. ಪ್ರಶ್ನೆ ಕಟ್ಟಕಡೆಗೆ. ಎಲ್ಲ ಸೇರಿ ಒಂದೂವರೆ ನಿಮಿಷ.

ಕಣ್ಣಿನ ತಜ್ಞರೊಬ್ಬರು ‘ಮಿದುಳು ನೋಡುವ ಬಗೆ’ ಎಂಬ ವಿಷಯದ ಮೇಲೆ ಮಾತಾಡುತ್ತಾರೆ ಎಂದುಕೊಳ್ಳಿ. ಮೊದಲು ಹೊಳೆಯುವ ಪ್ರಶ್ನೆ: ‘ನಾವು ಕಾಣುವುದೆಲ್ಲ ನಿಜವೇ?’ ಇದು ಕೆಲಸಕ್ಕೆ ಬಾರದು. ‘ಅಲ್ಲ’ ಎಂದರೆ ಮುಗಿಯಿತು, ಯಾವ ಉಪನ್ಯಾಸಕ್ಕೂ ಅಂಟಿಸಬಹುದು.

ಎರಡನೆಯದು: ‘ಪ್ರತಿ ಕಣ್ಣಿನಲ್ಲೂ ಏನೂ ಕಾಣದ ಒಂದು ಜಾಗವಿದೆ. ಹಾಗಿದ್ದರೂ ನೋಟದಲ್ಲಿ ತೂತು ಏಕಿಲ್ಲ?’ ದೃಷ್ಟಿನರ ಕಣ್ಣಿನಿಂದ ಹೊರಬೀಳುವ ಕಡೆ ಬೆಳಕು ಗ್ರಹಿಸುವ ಕೋಶಗಳಿಲ್ಲ, ಅದೇ ಅಂಧಬಿಂದು. ಪ್ರಶ್ನೆ ಚೆನ್ನಾಗಿದೆ, ಆದರೆ ಮುಂದಿನ ಸಾಲಿನವರೊಬ್ಬರು ‘ಇನ್ನೊಂದು ಕಣ್ಣು ನೋಡಿಕೊಳ್ಳುತ್ತದೆ’ ಎಂದು ಕೂಗಿಬಿಡುತ್ತಾರೆ. ಅರ್ಧ ಸರಿ ಬೇರೆ. ಅತಿಥಿ ಅವರನ್ನು ತಿದ್ದುತ್ತಾ ಶುರುಮಾಡಬೇಕಾಗುತ್ತದೆ, ಉತ್ತರದ ಬದಲು ವಾದ ಹುಟ್ಟುತ್ತದೆ.

ಆ ಬಾಗಿಲನ್ನು ಪ್ರಶ್ನೆಯೊಳಗೇ ಮುಚ್ಚಬೇಕು: ‘ಒಂದು ಕಣ್ಣು ಮುಚ್ಚಿಕೊಳ್ಳಿ. ತೆರೆದ ಕಣ್ಣಿಗೆ ಏನೂ ಕಾಣದ ಒಂದು ಜಾಗವಿದೆ. ಅಲ್ಲಿ ಈಗ ನೀವು ನೋಡುತ್ತಿರುವುದು ಏನನ್ನು?’ ಅತಿಥಿಯ ಮೊದಲ ವಾಕ್ಯ: ‘ನಿಮ್ಮ ಮಿದುಳಿನ ಊಹೆಯನ್ನು.’ ಎರಡನ್ನೂ ಒಂದರ ಹಿಂದೊಂದು ಗಟ್ಟಿಯಾಗಿ ಓದಿ ನೋಡಿ. ನಡುವೆ ‘ಆದರೆ’, ‘ಅದಕ್ಕೂ ಮೊದಲು’ ಸೇರಿಸಬೇಕೆನಿಸಿದರೆ ಪ್ರಶ್ನೆ ಇನ್ನೂ ಪಕ್ವವಾಗಿಲ್ಲ.

ಪರಿಚಯದಲ್ಲೇ ಪ್ರಯೋಗ ಮಾಡಿಸುವ ಆಸೆಯೂ ಬರುತ್ತದೆ. ಎಡಗಣ್ಣು ಮುಚ್ಚಿ, ಕೈಗಳನ್ನು ಮುಂದಕ್ಕೆ ಚಾಚಿ ಎರಡೂ ಹೆಬ್ಬೆರಳು ಜೋಡಿಸಿ, ನೋಟವನ್ನು ಎಡ ಹೆಬ್ಬೆರಳಿನ ಮೇಲೇ ನೆಟ್ಟು, ಬಲಗೈಯದನ್ನು ಮೆಲ್ಲಗೆ ಬಲಕ್ಕೆ ಸರಿಸಿದರೆ 15 ಸೆಂಟಿಮೀಟರ್ ಆಸುಪಾಸಿನಲ್ಲಿ ಬೆರಳತುದಿ ಮಾಯ. ಸಭೆಗೆ ಖುಷಿಯೋ ಖುಷಿ. ಆದರೆ ಗದ್ದಲ ತಣ್ಣಗಾಗಲು ಮೂರ್ನಾಲ್ಕು ನಿಮಿಷ ಬೇಕು, ಜೊತೆಗೆ ಅತಿಥಿಯ ಎರಡನೇ ಸ್ಲೈಡ್ ಅದೇ ಆಗಿರುತ್ತದೆ. ಅವರ ಊಟವನ್ನು ನಾವೇ ಉಂಡಂತೆ.

ಇಷ್ಟಕ್ಕೆಲ್ಲ ಎರಡು ದಿನ ಮೊದಲೇ ಫೋನ್ ಮಾಡಬೇಕು. ವಿಷಯ ಏನೆಂದು ಕೇಳಬೇಡಿ, ‘ನಿಮ್ಮ ಮಾತನ್ನು ಜನ ಎಲ್ಲಿ ನಂಬುವುದಿಲ್ಲ?’ ಎಂದು ಕೇಳಿ. ಪ್ರಶ್ನೆ ಸಾಮಾನ್ಯವಾಗಿ ಅಲ್ಲೇ ಅಡಗಿರುತ್ತದೆ. ಅದನ್ನು ಚೀಟಿಯಲ್ಲಿ ಬರೆದು ಅವರಿಗೂ ಕಳಿಸಿ, ವೇದಿಕೆಯಲ್ಲಿ ಒಂದಕ್ಷರವೂ ಬದಲಿಸಬೇಡಿ. ದೊಡ್ಡ ತಲೆನೋವು ಶೀರ್ಷಿಕೆಯ ಸ್ಲೈಡ್ ಮತ್ತು ‘ಇಂದಿನ ಮಾತಿನ ರೂಪುರೇಷೆ’. ಅವೆರಡನ್ನೂ ಬಿಡಿಸಲು ಏನು ಹೇಳಬೇಕೆಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ, ಹೊಟ್ಟೆಪಾಡಿನ ಗುಟ್ಟು.

ಪರಿಚಯ ಶುರುವಾಗುವ ಮೊದಲೇ ಅತಿಥಿಯ ಕಾಲರ್ ಮೈಕ್ ಸಿದ್ಧವಾಗಿರಬೇಕು, ಅವರು ವೇದಿಕೆಯ ಅಂಚಿನಲ್ಲಿ ನಿಂತಿರಬೇಕು. ಹತ್ತು ಹೆಜ್ಜೆಗಿಂತ ದೂರವಿದ್ದರೆ, ಅಥವಾ ಲ್ಯಾಪ್‌ಟಾಪ್ ತಂತಿ ಹುಡುಕುವಂತಾದರೆ, ಸಭೆ ಪ್ರಶ್ನೆ ಮರೆತು ಮೊಬೈಲ್ ತೆಗೆಯುತ್ತದೆ. ಪ್ರಶ್ನೆ ಕೇಳಿದ ಮೇಲೆ ಮೂರು ಸೆಕೆಂಡ್ ಬಾಯಿ ಬಿಡದೆ ನಿಂತು ಪಕ್ಕಕ್ಕೆ ಸರಿಯಿರಿ. ‘ಬನ್ನಿ ಸರ್’ ಎಂದರೂ ಚಪ್ಪಾಳೆ ಬಂದೇಬರುತ್ತದೆ.

ದುಡ್ಡಿನ ಮಾತು: ಫೋನು, ಚೀಟಿ, ತಿದ್ದುಪಡಿ ಸೇರಿ ಅರ್ಧ ದಿನ ಹೋಗುತ್ತದೆ. ‘ಮಾತಾಡಿದ್ದು ಒಂದೂವರೆ ನಿಮಿಷ ತಾನೆ’ ಎಂದು ಸಂಭಾವನೆ ಕತ್ತರಿಸುವವರಿದ್ದಾರೆ. ನಿಮಿಷದ ಲೆಕ್ಕಕ್ಕೆ ಒಪ್ಪಬೇಡಿ, ಕಾರ್ಯಕ್ರಮಕ್ಕಿಷ್ಟು ಎಂದು ಮೊದಲೇ ಮಾತಾಡಿಕೊಳ್ಳಿ.

ಪ್ರಶಸ್ತಿ ಸ್ವೀಕಾರಕ್ಕೆ, ನಾಲ್ಕೈದು ಜನ ಕೂತ ಸಂವಾದಕ್ಕೆ ಇದು ಒಗ್ಗುವುದಿಲ್ಲ. ಎಲ್ಲ ಸರಿಯಿದ್ದೂ ಕೆಲವು ಅತಿಥಿಗಳು ‘ಒಳ್ಳೆಯ ಪ್ರಶ್ನೆ, ಅದಕ್ಕೆ ಆಮೇಲೆ ಬರುತ್ತೇನೆ’ ಎಂದುಬಿಡುತ್ತಾರೆ. ಆಗ ಮಧ್ಯೆ ಬಾಯಿ ಹಾಕಬಾರದು. ಚೀಟಿ ಜೇಬಿನಲ್ಲಿರಲಿ, ಕೊನೆಯ ಪ್ರಶ್ನೋತ್ತರದಲ್ಲಿ ಮೊದಲ ಪ್ರಶ್ನೆಯಾಗಿ ಅದನ್ನೇ, ಅದೇ ಮಾತುಗಳಲ್ಲಿ ಕೇಳಿ.