ಎದೆ ಎಕ್ಸ್‌ರೇ: ನೋಟ್ಸನ್ನು ಕ್ರಮವಾಗಿ ಕೇಳುವ ಪ್ರಶ್ನೆಗಳಾಗಿ ಬದಲಿಸುವುದು ಹೇಗೆ?

ಪರೀಕ್ಷೆಗೆ ಬರೆದುಕೊಂಡ ನೋಟ್ಸಿನಲ್ಲಿ ನ್ಯುಮೋನಿಯಾಗೆ ಒಂದು ಪುಟ, ಟಿಬಿಗೆ ಒಂದು ಪುಟ ಇರುತ್ತದೆ. ಆದರೆ ವಾರ್ಡಿನಲ್ಲಿ ಕೈಗೆ ಬರುವ ಫಿಲ್ಮಿನ ಮೇಲೆ ಕಾಯಿಲೆಯ ಹೆಸರು ಇರುವುದಿಲ್ಲ. ಹುಬ್ಬಳ್ಳಿಯಲ್ಲಿ ಇಂಟರ್ನ್ ಆಗಿದ್ದಾಗ ಇದು ನನಗೆ ಸರಿಯಾಗಿ ಅರ್ಥವಾಯಿತು.

ಹಾವೇರಿ ಕಡೆಯ ಹಿರಿಯರೊಬ್ಬರ ಫಿಲ್ಮಿನಲ್ಲಿ ಎಡಭಾಗ ಪೂರ್ತಿ ಬೆಳ್ಳಗಿತ್ತು. 'ನೀರು ತುಂಬಿದೆ' ಎಂದುಬಿಟ್ಟೆ. ಹಿರಿಯ ವೈದ್ಯರು ಶ್ವಾಸನಾಳದ ಮೇಲೆ ಬೆರಳಿಟ್ಟರು. ಅದು ಎಡಕ್ಕೇ ಸರಿದಿತ್ತು. ಅಷ್ಟೊಂದು ನೀರಿದ್ದರೆ ನಾಳವನ್ನು ಬಲಕ್ಕೆ ತಳ್ಳಬೇಕಿತ್ತು, ಅಲ್ವಾ? ಇಲ್ಲಿ ಶ್ವಾಸಕೋಶ ಮುದುಡಿ ನಾಳವನ್ನು ತನ್ನ ಕಡೆಗೆ ಎಳೆದಿತ್ತು. ನೀರು ತೆಗೆಯಲು ಸೂಜಿ ಹಾಕಿದ್ದರೆ ಅಪಾಯವಾಗುತ್ತಿತ್ತು.

ಅಂದು ರಾತ್ರಿ ನೋಟ್ಸನ್ನು ಜಾಗದ ಪ್ರಕಾರ ಮತ್ತೆ ಬರೆದೆ. ಪ್ರತಿ ಸಾಲನ್ನೂ ಪ್ರಶ್ನೆ ಮಾಡಿಕೊಂಡೆ. ನೀವೂ ಒಂದೇ ಹಾಳೆಯಲ್ಲಿ ಹೀಗೆ ಬರೆದುಕೊಳ್ಳಿ.

ಮೊದಲು ಹೆಸರು, ತಾರೀಖು, ಎಡ-ಬಲದ ಗುರುತು ನೋಡಿ. ಆಮೇಲೆ ರೋಗಿ ನೇರ ನಿಂತಿದ್ದಾರೆಯೇ ಎಂದು ಕೇಳಿಕೊಳ್ಳಿ. ಎರಡೂ ಕಾಲರ್ ಮೂಳೆಗಳ ಒಳತುದಿ ಬೆನ್ನೆಲುಬಿನ ನಡುಗೆರೆಯಿಂದ ಸಮ ದೂರದಲ್ಲಿರಬೇಕು. ಮೈ ತಿರುಗಿದ್ದರೆ ಶ್ವಾಸನಾಳ ಸುಮ್ನೆ ಸರಿದಂತೆ ಕಾಣುತ್ತದೆ.

ಈಗ ಶ್ವಾಸನಾಳ. ನಡುವಿನಲ್ಲಿದೆಯೇ? ಇಲ್ಲವಾದರೆ ತಳ್ಳಿದ್ದೋ, ಎಳೆದದ್ದೋ? ಮಹಾಧಮನಿಯ ಬಳಿ ಸ್ವಲ್ಪ ಬಲಕ್ಕೆ ವಾಲಿರುವುದು ಸಹಜ. ನೀರೂ ಇದ್ದು ಶ್ವಾಸಕೋಶವೂ ಮುದುಡಿದ್ದರೆ ನಾಳ ನಡುವಿನಲ್ಲೇ ಉಳಿಯಬಹುದು. ಆಗ ಅಲ್ಟ್ರಾಸೌಂಡ್ ಮಾಡಿಸದೆ ತೀರ್ಮಾನಿಸಬಾರದು.

ಎರಡನೆಯದು ಶ್ವಾಸಕೋಶ. ಎಡ-ಬಲ ಹೋಲಿಸುತ್ತಾ ಮೇಲಿನಿಂದ ಕೆಳಗೆ ಬನ್ನಿ. ಕಾಲರ್ ಮೂಳೆಗಿಂತ ಮೇಲಿರುವ ಶ್ವಾಸಕೋಶದ ತುದಿ ಮತ್ತು ಹೃದಯದ ಹಿಂದಿನ ಜಾಗಕ್ಕೆ ಬೇರೆಯೇ ಸಾಲು ಬರೆಯಿರಿ. ಜಾಸ್ತಿ ತಪ್ಪಿಹೋಗುವುದು ಅಲ್ಲೇ.

ಮೂರನೆಯದು ಹೃದಯ. ಅದರ ಅಗಲ ಎದೆಯ ಅಗಲದ ಅರ್ಧ ಮೀರಿದೆಯೇ? ಈ ಅಳತೆ ಬೆನ್ನಿನ ಕಡೆಯಿಂದ ಕಿರಣ ಬಿಟ್ಟು ತೆಗೆದ ಫಿಲ್ಮಿಗೆ ಮಾತ್ರ. ಮಂಚದ ಮೇಲೆ ಮುಂದಿನಿಂದ ತೆಗೆದರೆ ಹೃದಯ ದೊಡ್ಡದಾಗಿಯೇ ಕಾಣುತ್ತದೆ.

ವಪೆಯ ಹತ್ತಿರ ಎರಡೇ ಪ್ರಶ್ನೆ: ಪಕ್ಕದ ಮೂಲೆಗಳು ಚೂಪಾಗಿವೆಯೇ, ಕೆಳಗೆ ಗಾಳಿಯ ಕಪ್ಪು ಗೆರೆ ಇದೆಯೇ? ಆಮೇಲೆ ಪಕ್ಕೆಲುಬುಗಳನ್ನು ಒಂದೊಂದಾಗಿ ನೋಡಿ.

ಕೊನೆಗೆ ಚರ್ಮ, ಸ್ನಾಯು, ಸ್ತನದ ನೆರಳು. ಚರ್ಮದಡಿ ಗಾಳಿ ಸೇರಿದ್ದರೆ ಕಪ್ಪು ಗೀರುಗಳು ಕಾಣುತ್ತವೆ. ಅವು ಕಂಡರೆ ಶ್ವಾಸಕೋಶದ ಅಂಚಿಗೆ ಮರಳಿ ಹೋಗಿ, ಗಾಳಿ ಸೋರಿದೆಯೇ ಎಂದು ಹುಡುಕಿ. ಒಂದು ಸ್ತನ ತೆಗೆದವರಲ್ಲಿ ಆ ಕಡೆಯ ಶ್ವಾಸಕೋಶ ಹೆಚ್ಚು ಕಪ್ಪಾಗಿ ಕಂಡು ಗಾಳಿ ಸೋರಿದಂತೆ ಅನ್ನಿಸಬಹುದು. ಆಗ ರಕ್ತನಾಳದ ಗೆರೆಗಳು ಅಂಚಿನವರೆಗೂ ಹೋಗಿವೆಯೇ ನೋಡಿ. ಹೋಗಿದ್ದರೆ ಆ ಕಪ್ಪು ಸ್ತನದ ನೆರಳು ಇಲ್ಲದ್ದರಿಂದ ಬಂದಿರಬಹುದು. ಹಿಂದೆ ಆಪರೇಷನ್ ಆಗಿತ್ತೇ ಎಂದು ಆ ತಾಯಿಯನ್ನೇ ಕೇಳಿ.