‘ಇಫ್’ ಪಕ್ಕದಿಂದ ‘ವುಡ್’ ಎಬ್ಬಿಸಿದ್ದು ಹೀಗೆ

ನಾನು ಕನ್ನಡ ಮೀಡಿಯಂನಲ್ಲಿ ಓದಿದವನು. ಈಗ ಲಾರಿ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೆಲಸ. ಗಿರಾಕಿಗಳಿಗೆ ದಿನಾ ಇಂಗ್ಲಿಷಿನಲ್ಲಿ ಮೇಲ್ ಬರೆಯಬೇಕು. ಒಂದು ಗುರುವಾರ ಚೆನ್ನೈಗೆ ಹೋಗಬೇಕಿದ್ದ ಲೋಡು ನಮ್ಮ ಯಾರ್ಡಿನಲ್ಲೇ ನಿಂತಿತ್ತು. ಪೇಪರ್ ತಡವಾಗಿ ಕಳಿಸಿದವರು ಗಿರಾಕಿಯೇ, ಬೈಯುತ್ತಿದ್ದವರೂ ಅವರೇ. ನಾನು ಹೀಗೆ ಬರೆದೆ:

‘ಇಫ್ ವಿ ವುಡ್ ಹ್ಯಾವ್ ಗಾಟ್ ದ ಪೇಪರ್ಸ್ ಆನ್ ಮಂಡೇ, ದ ಲಾರಿ ವುಡ್ ಹ್ಯಾವ್ ಬೀನ್ ಇನ್ ಚೆನ್ನೈ ನೌ.’

ಕಳಿಸುವ ಮೊದಲು ಅಕೌಂಟ್ಸ್ ಮೇಡಂಗೆ ತೋರಿಸಿದೆ. ಅವರು ಮೊದಲನೇ ‘ವುಡ್’ ಮೇಲೆ ಪೆನ್ಸಿಲ್ ಇಟ್ಟು, ‘ಇದು ಇಲ್ಲಿ ಯಾಕೆ ಕೂತಿದೆಯಪ್ಪಾ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡೂ ಕಡೆ ನಡೆಯದೇ ಇದ್ದ ಸಂಗತಿ, ಹಾಗಾಗಿ ಎರಡೂ ಕಡೆ ‘ವುಡ್’ ಇರಲಿ ಅಂತ ಅಂದುಕೊಂಡಿದ್ದೆ, ಅಷ್ಟೇ.

ಇನ್ನೊಂದು ಕಾರಣ ಆಮೇಲೆ ಹೊಳೆಯಿತು. ಮಾತಿನಲ್ಲಿ ‘ಐ ಹ್ಯಾಡ್’ ಮತ್ತು ‘ಐ ವುಡ್’ ಎರಡೂ ‘ಐಡ್’ ಆಗಿಬಿಡುತ್ತವೆ. ‘ಇಫ್ ಐಡ್ ನೋನ್, ಐಡ್ ಹ್ಯಾವ್ ಕಮ್’ ಅನ್ನುವಲ್ಲಿ ಮೊದಲನೆಯದು ಹ್ಯಾಡ್, ಎರಡನೆಯದು ವುಡ್. ಕೇಳಿ ಕಲಿತ ನಾನು ಎರಡನ್ನೂ ವುಡ್ ಅಂತ ಬಿಡಿಸಿಕೊಂಡಿದ್ದೆ.

ತಮಾಷೆ ಅಂದರೆ, ನನ್ನ ತಲೆಯಲ್ಲಿದ್ದ ಕನ್ನಡ ವಾಕ್ಯ ಸರಿಯಾಗೇ ಇತ್ತು: ‘ಸೋಮವಾರವೇ ಪೇಪರ್ ಸಿಕ್ಕಿದ್ದಿದ್ದರೆ ಲಾರಿ ಈಗ ಚೆನ್ನೈಯಲ್ಲಿರುತ್ತಿತ್ತು.’ ‘ರೆ’ ಅಂಟಿಕೊಂಡಿರುವುದು ಆಗಿಹೋದ ರೂಪಕ್ಕೆ. ಅದೇ ‘ಹ್ಯಾಡ್ ಗಾಟ್’. ‘ವುಡ್’ ಕೆಲಸ ಮಾಡುವ ‘ಉತ್ತಿತ್ತು’ ಬರುವುದು ಕೊನೆಯಲ್ಲಿ ಮಾತ್ರ. ಅಲ್ಲಿಗೆ ಮೊದಲ ತಪ್ಪು ತೀರಿತು.

ಎರಡನೇ ತಪ್ಪು ‘ನೌ’ ಜೊತೆ ‘ವುಡ್ ಹ್ಯಾವ್ ಬೀನ್’ ಬರೆದದ್ದು. ಅಲ್ಲಿ ಮಾತ್ರ ಕನ್ನಡ ಅಡ್ಡ ಬಂದಿತ್ತು. ‘ನಿನ್ನೆ ಚೆನ್ನೈಯಲ್ಲಿರುತ್ತಿತ್ತು’, ‘ಈಗ ಚೆನ್ನೈಯಲ್ಲಿರುತ್ತಿತ್ತು’ ಎರಡಕ್ಕೂ ನಮ್ಮಲ್ಲಿ ಒಂದೇ ಕ್ರಿಯಾಪದ. ಕಾಲ ಹೇಳುವುದು ‘ನಿನ್ನೆ’, ‘ಈಗ’ ಅನ್ನುವ ಪದಗಳು. ಇಂಗ್ಲಿಷಿನಲ್ಲಿ ಕ್ರಿಯಾಪದವೇ ಬದಲಾಗುತ್ತದೆ. ನಿನ್ನೆಗಾದರೆ ‘ವುಡ್ ಹ್ಯಾವ್ ಬೀನ್’, ಈಗಕ್ಕಾದರೆ ಬರೀ ‘ವುಡ್ ಬಿ’. ಪೇಪರ್ ಸೋಮವಾರದ ಕಥೆ, ಲಾರಿ ಇವತ್ತಿನ ಕಥೆ. ಹೀಗೆ ಎರಡು ಅರ್ಧ ಎರಡು ಕಾಲಕ್ಕೆ ಸೇರಿದರೆ ಅದನ್ನೇ ಮಿಕ್ಸೆಡ್ ಕಂಡಿಷನಲ್ ಅನ್ನುತ್ತಾರೆ.

ಆಮೇಲೆ ನಾನು ಮಾಡಿಕೊಂಡ ಉಪಾಯ ಇಷ್ಟೇ. ವಾಕ್ಯದ ಎರಡೂ ಅರ್ಧದ ಮೇಲೆ ಸಣ್ಣದಾಗಿ ‘ಆಗ’ ಅಥವಾ ‘ಈಗ’ ಅಂತ ಬರೆಯುತ್ತಿದ್ದೆ. ‘ಇಫ್’ ಕಡೆ ‘ಆಗ’ ಬಂದರೆ ಹ್ಯಾಡ್ ಮತ್ತು ಕ್ರಿಯಾಪದದ ಮೂರನೇ ರೂಪ, ‘ಈಗ’ ಬಂದರೆ ಎರಡನೇ ರೂಪ. ಇನ್ನೊಂದು ಕಡೆ ‘ಆಗ’ ಬಂದರೆ ವುಡ್ ಹ್ಯಾವ್ ಮತ್ತು ಮೂರನೇ ರೂಪ, ‘ಈಗ’ ಬಂದರೆ ವುಡ್ ಮತ್ತು ಮೊದಲನೇ ರೂಪ. ನನ್ನ ಮೇಲ್ ಹೀಗಾಯಿತು:

‘ಇಫ್ ವಿ ಹ್ಯಾಡ್ ಗಾಟ್ ದ ಪೇಪರ್ಸ್ ಆನ್ ಮಂಡೇ, ದ ಲಾರಿ ವುಡ್ ಬಿ ಇನ್ ಚೆನ್ನೈ ನೌ.’

ತಿರುಗಾ ಮುರುಗಾ ಆಗುವುದೂ ಉಂಟು. ನನಗೆ ನಾಯಿ ಅಂದ್ರೆ ಭಯ, ಅದು ಇವತ್ತಿಗೂ ಇದೆ. ಅದಕ್ಕೇ ನಿನ್ನೆ ಒಂದು ಗೋದಾಮಿನ ಒಳಗೆ ಹೋಗಲಿಲ್ಲ. ಆಗ ‘ಇಫ್ ಐ ವರ್ ನಾಟ್ ಅಫ್ರೇಡ್ ಆಫ್ ಡಾಗ್ಸ್, ಐ ವುಡ್ ಹ್ಯಾವ್ ಗಾನ್ ಇನ್.’ ಮೊದಲರ್ಧ ಈಗ, ಎರಡನೆಯದು ಆಗ.

ಒಂದು ಕಡೆ ಮತ್ತೆ ಎಡವಿದೆ. ‘ಇಫ್’ ಆದಮೇಲೆ ‘ವುಡ್’ ಕಂಡಲ್ಲೆಲ್ಲಾ ಹೊಡೆದು ಹಾಕಲು ಶುರು ಮಾಡಿ, ‘ಐ ಆಸ್ಕ್ಡ್ ಇಫ್ ಹಿ ವುಡ್ ಕಮ್’ ಅನ್ನುವುದನ್ನೂ ಕೆಡಿಸಿದೆ. ಅದು ಸರಿಯಾದ ವಾಕ್ಯ. ಕನ್ನಡದಲ್ಲಿ ಹೇಳಿ ನೋಡಿದರೆ ಗೊತ್ತಾಗುತ್ತದೆ: ‘ಬರುತ್ತಾನೋ ಇಲ್ಲವೋ ಅಂತ ಕೇಳಿದೆ.’ ಇಲ್ಲಿ ‘ರೆ’ ಇಲ್ಲ, ‘ಓ’ ಇದೆ, ಅಂದರೆ ಷರತ್ತೇ ಅಲ್ಲ. ವಿನಯವಾಗಿ ಕೇಳುವ ‘ಇಫ್ ಯು ವುಡ್ ಸೈನ್ ಹಿಯರ್’ ಕೂಡ ಸರಿಯೇ. ಅದು ‘ದಯವಿಟ್ಟು ಸಹಿ ಮಾಡ್ತೀರಾ’ ಅಂದ ಹಾಗೆ.

ಅಮೆರಿಕದವರ ಮಾತಿನಲ್ಲಿ ‘ಇಫ್ ಐ ವುಡ್ ಹ್ಯಾವ್ ನೋನ್’ ಬೇಕಾದಷ್ಟು ಕೇಳಿಸುತ್ತದೆ. ಅವರು ಅನ್ನುತ್ತಾರಲ್ಲ ಅಂತ ಪರೀಕ್ಷೆಯಲ್ಲೋ ಆಫೀಸ್ ಮೇಲಿನಲ್ಲೋ ಬರೆದರೆ ತಪ್ಪು ಅಂತಲೇ ಗುರುತು ಹಾಕುತ್ತಾರೆ. ನಾನೂ ಮಾತಾಡುವಾಗ ಈಗಲೂ ಜಾರುತ್ತೇನೆ. ಬರೆಯುವಾಗ ಮಾತ್ರ ‘ಇಫ್’ನಿಂದ ಕಾಮಾದವರೆಗೆ ಬೆರಳಿಟ್ಟು ಒಮ್ಮೆ ಓದಿಯೇ ಸೆಂಡ್ ಒತ್ತುವುದು.

ಅವತ್ತಿನ ಮೇಲ್ ತಿದ್ದಿದ ರೂಪದಲ್ಲೇ ಹೋಯಿತು. ಲಾರಿ ಮಾತ್ರ ಹೊರಟಿದ್ದು ಶನಿವಾರ.