ಪಾಠ ವೀಕ್ಷಿಸಿ ಬರೆದ ಒಂದು ಪತ್ರ: ನನ್ನ ಅನುಭವ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಒಂದು ವಸತಿ ಶಾಲೆಯಲ್ಲಿ ನಾನು ಪ್ರಾಂಶುಪಾಲನಾಗಿ ಕೆಲಸ ಮಾಡುತ್ತಿದ್ದೇನೆ. ಶಿಕ್ಷಕರ ಪಾಠ ವೀಕ್ಷಿಸಿ ಅಭಿಪ್ರಾಯ ಬರೆಯುವುದು ನನ್ನ ಕರ್ತವ್ಯಗಳಲ್ಲಿ ಒಂದು. ಮೊದಲ ಎರಡು ವರ್ಷ ನಾನು ವೀಕ್ಷಣಾ ವಹಿಯಲ್ಲಿ ಬರೆಯುತ್ತಿದ್ದುದು ಹೆಚ್ಚುಕಡಿಮೆ ಒಂದೇ ವಾಕ್ಯ: "ಪಾಠ ಉತ್ತಮವಾಗಿದೆ, ಹಿಂದುಳಿದ ಮಕ್ಕಳ ಕಡೆ ಹೆಚ್ಚಿನ ಗಮನ ಹರಿಸುವುದು." ಶಿಕ್ಷಕರು ಅದರ ಕೆಳಗೆ ಸಹಿ ಮಾಡುತ್ತಿದ್ದರು, ಮರುದಿನ ಪಾಠ ಹಿಂದಿನಂತೆಯೇ ನಡೆಯುತ್ತಿತ್ತು. ಯಾವ ಕೆಲಸ ಉತ್ತಮವಾಗಿತ್ತು, ಯಾವ ಮಗುವಿನ ಕಡೆ, ಯಾವ ಹೊತ್ತಿನಲ್ಲಿ ಗಮನ ಹರಿಸಬೇಕಿತ್ತು ಎಂಬುದನ್ನು ನಾನು ಹೇಳಿರದಿದ್ದಾಗ ಅವರಾದರೂ ಏನನ್ನು ಬದಲಿಸಬೇಕಿತ್ತು? ಈಗ ನಾನು ಪ್ರತ್ಯೇಕವಾಗಿ ಒಂದು ಪುಟದ ಪತ್ರ ಬರೆಯುತ್ತೇನೆ. ಅದು ಹೇಗೆ ಸಿದ್ಧವಾಗುತ್ತದೆ ಎಂಬುದನ್ನು ಆರನೆಯ ತರಗತಿಯ ಒಂದು ಗಣಿತ ಪಾಠದ ಮೂಲಕ ಹೇಳುತ್ತೇನೆ.

ಪಾಠ ಭಿನ್ನರಾಶಿಗಳ ಸಂಕಲನ. ಛೇದಗಳು ಬೇರೆ ಬೇರೆ ಇರುವ ಭಿನ್ನರಾಶಿಗಳು. ಶಿಕ್ಷಕಿಯವರಿಗೆ ಅದು ಸೇವೆಯ ಮೂರನೆಯ ವರ್ಷ. ತರಗತಿಯಲ್ಲಿ 32 ಮಕ್ಕಳಿದ್ದರು, ಅವಧಿ 40 ನಿಮಿಷಗಳದ್ದಾಗಿತ್ತು. ನಾನು ಹಿಂದಿನ ಸಾಲಿನ ಮೂಲೆಯಲ್ಲಿ ಕುಳಿತು, ಕಾಗದದ ಮೇಲೆ ಬೆಂಚುಗಳ ನಕ್ಷೆ ಬರೆದು, ಪ್ರತಿ ಮಗುವಿಗೆ ಒಂದು ಚೌಕ ಹಾಕಿಕೊಂಡೆ. ಶಿಕ್ಷಕಿ ಒಂದು ಮಗುವಿನ ಹೆಸರು ಹಿಡಿದು ಕೇಳಿದರೆ ಆ ಚೌಕದಲ್ಲಿ ಒಂದು ಗೆರೆ. ಇಡೀ ತರಗತಿ ಒಟ್ಟಾಗಿ ಉತ್ತರಿಸಿದರೆ ಪುಟದ ಅಂಚಿನಲ್ಲಿ ಒಂದು ಗೆರೆ. ಬಿ.ಇಡಿ. ಓದಿದವರಿಗೆ ಫ್ಲ್ಯಾಂಡರ್ಸ್ ಪದ್ಧತಿಯ ನೆನಪಿರಬಹುದು. ಮೂರು ಸೆಕೆಂಡಿಗೊಮ್ಮೆ ತರಗತಿಯ ಮಾತುಕತೆಯನ್ನು ಹತ್ತು ವಿಧಗಳಲ್ಲಿ ಒಂದಾಗಿ ಗುರುತಿಸುವ ಆ ಕ್ರಮಕ್ಕೆ ಪ್ರತ್ಯೇಕ ತರಬೇತಿ ಬೇಕು, ಮೇಲಾಗಿ ಅಂಕಿ ಬರೆಯುವ ಧಾವಂತದಲ್ಲಿ ಮಕ್ಕಳ ಮುಖ ನೋಡಲು ಬಿಡುವು ಸಿಗುವುದಿಲ್ಲ. ನನ್ನ ಕೆಲಸಕ್ಕೆ ಗೆರೆಗಳು ಸಾಕು. ಗೆರೆಯ ಜೊತೆಗೆ, ಕಿವಿಗೆ ಬಿದ್ದ ಮುಖ್ಯ ಮಾತನ್ನು ಗಡಿಯಾರದ ಸಮಯದೊಂದಿಗೆ ಇದ್ದುದನ್ನು ಇದ್ದಂತೆ ಬರೆದುಕೊಳ್ಳುತ್ತೇನೆ. ತರಗತಿಯಲ್ಲಿ ಕುಳಿತಿರುವಾಗ "ಚೆನ್ನಾಗಿದೆ", "ಸರಿಯಿಲ್ಲ" ಎಂಬ ಪದಗಳನ್ನು ಟಿಪ್ಪಣಿಯಲ್ಲಿ ಬರೆಯುವುದಿಲ್ಲ.

ಹದಿನಾಲ್ಕನೆಯ ನಿಮಿಷದಲ್ಲಿ ಎರಡನೆಯ ಸಾಲಿನ ಒಬ್ಬ ಹುಡುಗಿ 1/2 + 1/3 = 2/5 ಎಂದಳು. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದಳು. ಈ ವಯಸ್ಸಿನ ಮಕ್ಕಳು ಪದೇ ಪದೇ ಮಾಡುವ ತಪ್ಪಿದು. ಶಿಕ್ಷಕಿ "ತಪ್ಪು" ಎನ್ನಲಿಲ್ಲ. ಆ ಉತ್ತರವನ್ನು ಹಲಗೆಯ ಮೇಲೆ ಹಾಗೆಯೇ ಬರೆದು ಕೇಳಿದರು: "ನಿನ್ನ ತಾಟಿನ್ಯಾಗ ಅರ್ಧ ರೊಟ್ಟಿ ಐತಿ. ಅದರ ಮ್ಯಾಲೆ ಮೂರರಾಗ ಒಂದು ಪಾಲು ನಾ ಹಾಕಿದ್ನಿ. ಈಗ ಅರ್ಧಕ್ಕಿಂತ ಹೆಚ್ಚಾತೋ, ಕಡಿಮಿ ಆತೋ?" ಕೇಳಿ ಸುಮ್ಮನೆ ನಿಂತರು. ಮುಂದಿನ ಸಾಲಿನಿಂದ ಕೈಗಳು ಮೇಲೆದ್ದರೂ ಅತ್ತ ನೋಡಲಿಲ್ಲ. ನನ್ನ ಗಡಿಯಾರದಲ್ಲಿ ಒಂಬತ್ತು ಸೆಕೆಂಡು ಕಳೆದ ಮೇಲೆ ಹುಡುಗಿ, "ಹೆಚ್ಚಾಗಬೇಕ್ರಿ ಟೀಚರ್. ಆದ್ರ ಐದರಾಗ ಎರಡು ಅಂದ್ರ ಅರ್ಧಾನೂ ಆಗಂಗಿಲ್ರಿ" ಎಂದಳು. ತನ್ನ ಉತ್ತರ ಏಕೆ ನಿಲ್ಲುವುದಿಲ್ಲ ಎಂಬುದನ್ನು ಆಕೆಯೇ ಕಂಡುಕೊಂಡಳು.

ಆ ನಂತರ ಶಿಕ್ಷಕಿ ಲ.ಸಾ.ಅ. ಕಂಡುಹಿಡಿದು ಕೂಡಿಸುವ ಕ್ರಮವನ್ನು ಹೇಳಿಕೊಟ್ಟರು. ಪ್ರತಿ ಹಂತಕ್ಕೂ "ಗೊತ್ತಾತಿಲ್ಲೋ?" ಎಂದು ಕೇಳುತ್ತಿದ್ದರು, ಮಕ್ಕಳು "ಗೊತ್ತಾತ್ರಿ ಟೀಚರ್" ಎಂದು ಒಟ್ಟಾಗಿ ಹೇಳುತ್ತಿದ್ದರು. ಕೊನೆಗೆ 3/4 + 1/6 ಬಿಡಿಸಲು ಕೊಟ್ಟಾಗ ನಾನು ಹಿಂದಿನ ಸಾಲಿನ ಆರು ಮಕ್ಕಳ ನೋಟ್‌ಬುಕ್ ನೋಡಿದೆ. ಇಬ್ಬರದು 11/12, ಸರಿಯಾಗಿತ್ತು. ಒಬ್ಬ 4/10 ಬರೆದಿದ್ದ. ಮೂವರು 4/12 ಬರೆದಿದ್ದರು. ಅಂದರೆ ಛೇದವನ್ನು 12 ಮಾಡಬೇಕೆಂಬುದು ಆ ಮೂವರಿಗೆ ತಿಳಿದಿತ್ತು, ಆದರೆ ಛೇದ ಬದಲಾದಾಗ 3/4 ಎಂಬುದು 9/12 ಆಗಬೇಕು, 1/6 ಎಂಬುದು 2/12 ಆಗಬೇಕು ಎಂಬುದು ತಿಳಿದಿರಲಿಲ್ಲ. 4/10 ಬರೆದವನ ತೊಡಕು ಬೇರೆ, 4/12 ಬರೆದವರ ತೊಡಕು ಬೇರೆ. "ಗೊತ್ತಾತ್ರಿ" ಎಂಬ ಒಕ್ಕೊರಲಿನಲ್ಲಿ ಈ ಎರಡೂ ಮುಚ್ಚಿಹೋಗಿದ್ದವು. ಗೆರೆಗಳನ್ನು ಎಣಿಸಿದಾಗ ಒಟ್ಟು 23 ಪ್ರಶ್ನೆಗಳಲ್ಲಿ 14 ಇಡೀ ತರಗತಿಗೆ, 9 ಹೆಸರು ಹಿಡಿದು ಕೇಳಿದವು. ಆ ಒಂಬತ್ತೂ ಮೊದಲ ಎರಡು ಸಾಲುಗಳಿಗೇ ಸಂದಿದ್ದವು.

ಅಂದು ಸಂಜೆ ನಾನು ಬರೆದ ಮೊದಲ ಕರಡಿನಲ್ಲಿ ಒಂದು ವಾಕ್ಯ ಹೀಗಿತ್ತು: "ಹಿಂದಿನ ಸಾಲಿನ ಮಕ್ಕಳನ್ನು ನಿರ್ಲಕ್ಷಿಸಲಾಗಿದೆ." ಮತ್ತೆ ಓದಿದಾಗ ಅದನ್ನು ಹೊಡೆದುಹಾಕಿದೆ. ನಿರ್ಲಕ್ಷ್ಯ ಎಂಬುದು ನಾನು ಕಣ್ಣಾರೆ ಕಂಡ ಸಂಗತಿಯಲ್ಲ, ಶಿಕ್ಷಕಿಯ ಮನಸ್ಸಿನ ಬಗ್ಗೆ ನಾನು ಕಟ್ಟಿಕೊಂಡ ಊಹೆ. ಅದಕ್ಕಿಂತ ಮುಖ್ಯವಾಗಿ, ನಮ್ಮ ಇಲಾಖೆಯ ಭಾಷೆಯಲ್ಲಿ "ಕರ್ತವ್ಯ ನಿರ್ಲಕ್ಷ್ಯ" ಎಂಬುದು ಕಾರಣ ಕೇಳುವ ನೋಟಿಸಿನಲ್ಲಿ ಬರುವ ಪದ. ಮೇಲಧಿಕಾರಿಗಳು ನೋಡುವ ಕಡತದಲ್ಲಿ ಅಂಥ ಪದ ಕಂಡ ಶಿಕ್ಷಕಿ ಪತ್ರದ ಉಳಿದ ಭಾಗವನ್ನು ಪಾಠದ ಬಗೆಗಿನ ಮಾತೆಂದು ಓದುವುದು ಸಾಧ್ಯವೇ ಇಲ್ಲ. ಅದರ ಬದಲು "ಹೆಸರು ಹಿಡಿದು ಕೇಳಿದ 9 ಪ್ರಶ್ನೆಗಳು ಮೊದಲ ಎರಡು ಸಾಲುಗಳಿಗೆ ಸಂದವು" ಎಂದು ಬರೆದೆ. ನಕ್ಷೆಯ ಒಂದು ಪ್ರತಿಯನ್ನೂ ಲಗತ್ತಿಸಿದೆ.

ಕರಡನ್ನು ಅಂತಿಮಗೊಳಿಸುವ ಮೊದಲು ಹತ್ತು ನಿಮಿಷ ಶಿಕ್ಷಕರೊಂದಿಗೆ ಕುಳಿತು ಮಾತನಾಡುವುದು ನನ್ನ ರೂಢಿ. ಮರುದಿನ ಬೆಳಿಗ್ಗೆ ಪ್ರಾರ್ಥನೆಯ ನಂತರ ಶಿಕ್ಷಕಿಗೆ ನಕ್ಷೆ ತೋರಿಸಿ, ಹಿಂದಿನ ಸಾಲಿಗೆ ಪ್ರಶ್ನೆ ಹೋಗದಿರುವುದಕ್ಕೆ ಕಾರಣವಿದೆಯೇ ಎಂದು ಕೇಳಿದೆ. ಅವರು ಹೇಳಿದ್ದು ನನಗೆ ಹೊಳೆದಿರಲಿಲ್ಲ. "ಸರ್, ಜುಲೈನ್ಯಾಗ ಅವರಿಗೆ ಹೆಸರು ಹಿಡಿದು ಕೇಳತಿದ್ನಿ. ತಪ್ಪು ಹೇಳಿದ ಹುಡುಗನ್ನ ರಾತ್ರಿ ಹಾಸ್ಟೆಲ್‌ನ್ಯಾಗ ಉಳಿದವರು ಅದೇ ಉತ್ತರದಿಂದ ಕರದು ಕಾಡಿದ್ರಂತ್ರಿ. ಆಮ್ಯಾಲೆ ನಾನಾಗೇ ಬಿಟ್ಟೇನ್ರಿ." ವಸತಿ ಶಾಲೆಯಲ್ಲಿ ತರಗತಿಯ ತಪ್ಪು ಘಂಟೆ ಬಾರಿಸಿದ ಕೂಡಲೇ ಮುಗಿಯುವುದಿಲ್ಲ, ಮಲಗುವ ಕೋಣೆಯವರೆಗೂ ಮಗುವಿನ ಬೆನ್ನು ಹತ್ತುತ್ತದೆ. ಕಾಡಿಸಿದ ವಿಷಯವನ್ನು ನಿಲಯ ಪಾಲಕರೊಂದಿಗೆ ಪ್ರತ್ಯೇಕವಾಗಿ ಮಾತನಾಡಿದೆ. ಆದರೆ "ಹಿಂದಿನ ಸಾಲಿಗೂ ಪ್ರಶ್ನೆ ಕೇಳಿರಿ" ಎಂದು ನಾನು ಬರೆಯಲಿದ್ದ ಸಲಹೆ ಆ ಮಕ್ಕಳಿಗೆ ಹಾನಿ ಮಾಡುತ್ತಿತ್ತು ಎಂಬುದು ಸ್ಪಷ್ಟವಾಯಿತು. ಮಾತನಾಡದೆ ಪತ್ರ ಕೊಟ್ಟಿದ್ದರೆ ನಾನು ಅದನ್ನೇ ಬರೆದಿರುತ್ತಿದ್ದೆ.

ಅಂತಿಮ ಪತ್ರದ ಮುಖ್ಯ ಭಾಗ ಇದು:

"14ನೆಯ ನಿಮಿಷದಲ್ಲಿ ವಿದ್ಯಾರ್ಥಿನಿ 2/5 ಎಂದಾಗ ತಾವು ಆ ಉತ್ತರವನ್ನು ಅಳಿಸದೆ ಹಲಗೆಯ ಮೇಲೆ ಉಳಿಸಿ, ಮೊತ್ತವು ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಕೇಳಿ, ಬೇರೆ ಮಕ್ಕಳು ಕೈ ಎತ್ತಿದರೂ ಆಕೆಗಾಗಿ 9 ಸೆಕೆಂಡು ಕಾದಿರಿ. ಅದರಿಂದ ಆಕೆ ತನ್ನ ತಪ್ಪನ್ನು ತಾನೇ ಕಾರಣಸಹಿತ ಹೇಳಿದಳು. ಇದೇ ಪ್ರಶ್ನೆಯನ್ನು ಪ್ರತಿ ಲೆಕ್ಕದ ಆರಂಭದಲ್ಲಿ ಎಲ್ಲ 32 ಮಕ್ಕಳಿಗೂ ಕೇಳಬಹುದು. ಲೆಕ್ಕ ಬಿಡಿಸುವ ಮೊದಲು, ಮೊತ್ತವು ಮೊದಲನೆಯ ಭಿನ್ನರಾಶಿಗಿಂತ ಹೆಚ್ಚೋ ಕಡಿಮೆಯೋ ಎಂಬುದನ್ನು ಪ್ರತಿಯೊಬ್ಬರೂ ನೋಟ್‌ಬುಕ್‌ನಲ್ಲಿ ಬರೆಯಲಿ. ಉತ್ತರ ಬಂದ ಮೇಲೆ ಅದರೊಂದಿಗೆ ಹೋಲಿಸಲಿ. 4/10 ಹಾಗೂ 4/12 ಎರಡೂ 3/4ಕ್ಕಿಂತ ಕಡಿಮೆಯಾದ್ದರಿಂದ ತಪ್ಪಾಗಿದೆ ಎಂಬುದು ಮಗುವಿಗೇ ಕಾಣುತ್ತದೆ. ಯಾರೂ ಎದ್ದುನಿಂತು ಉತ್ತರಿಸಬೇಕಾಗಿಲ್ಲ. ಆ ಸಮಯದಲ್ಲಿ ತಾವು ಹಿಂದಿನ ಸಾಲಿನಿಂದ ಆರಂಭಿಸಿ ಬೆಂಚುಗಳ ನಡುವೆ ಓಡಾಡುವುದು ಅನುಕೂಲ."

ಪ್ರಶಂಸೆಯಿಂದ ಸಲಹೆಗೆ ದಾಟುವಲ್ಲಿ "ಆದರೆ" ಎಂಬ ಪದವಿಲ್ಲ ಎಂಬುದನ್ನು ಓದುಗರು ಗಮನಿಸಬಹುದು. ಆ ಪದವನ್ನು ನಾನು ಹುಡುಕಿ ತೆಗೆಯಲಿಲ್ಲ. ಸಲಹೆ ಶಿಕ್ಷಕಿಯದೇ ಒಳ್ಳೆಯ ಕೆಲಸದ ಮುಂದುವರಿಕೆಯಾಗಿದ್ದುದರಿಂದ ಅದರ ಅಗತ್ಯವೇ ಬೀಳಲಿಲ್ಲ. ಪ್ರಶಂಸೆಗೂ ಸಲಹೆಗೂ ಸಂಬಂಧವಿಲ್ಲದಿದ್ದಾಗ, ಅಂದರೆ ಹಲಗೆಯ ಬರಹವನ್ನು ಹೊಗಳಿ ಪ್ರಶ್ನೆ ಕೇಳುವ ಕ್ರಮವನ್ನು ತಿದ್ದಲು ಹೊರಟಾಗ, ಹೊಗಳಿಕೆ ಕಹಿ ಔಷಧಿಗೆ ಸವರಿದ ಬೆಲ್ಲದಂತೆ ಕಾಣುತ್ತದೆ, ಶಿಕ್ಷಕರು ಅದನ್ನು ನಂಬುವುದಿಲ್ಲ. ಪಾಠದಲ್ಲಿ ನಾನು ಕಂಡ ಇನ್ನೂ ಎರಡು ಸಣ್ಣ ಕೊರತೆಗಳನ್ನು ಪತ್ರದಲ್ಲಿ ಬರೆಯಲಿಲ್ಲ. ಹಲಗೆಯ ಕೆಳಭಾಗದ ಅಂಕಿಗಳು ಹಿಂದಿನ ಸಾಲಿಗೆ ಕಾಣುತ್ತಿರಲಿಲ್ಲ ಎಂಬುದನ್ನು ಬಾಯಿಮಾತಿನಲ್ಲಿ ಹೇಳಿದೆ. ಮತ್ತೊಂದನ್ನು ಮುಂದಿನ ವೀಕ್ಷಣೆಗೆ ಬಿಟ್ಟೆ. ವಹಿಯಲ್ಲಿ ಪತ್ರದ ದಿನಾಂಕ, ಕಂಡ ಸಂಗತಿ ಮತ್ತು ಒಪ್ಪಿಕೊಂಡ ಒಂದು ಸಲಹೆಯನ್ನು ಮಾತ್ರ ದಾಖಲಿಸಿದೆ.

ಪತ್ರದ ಕೊನೆಯಲ್ಲಿ ಶಿಕ್ಷಕರ ಅಭಿಪ್ರಾಯಕ್ಕೆಂದು ಐದಾರು ಸಾಲು ಖಾಲಿ ಬಿಡುತ್ತೇನೆ. ಅನೇಕರು "ಓದಿಕೊಂಡೆನು" ಎಂದು ಬರೆದು ಸಹಿ ಹಾಕುತ್ತಾರೆ. ಈ ಶಿಕ್ಷಕಿ ಮಾತ್ರ ನನ್ನ ಪತ್ರವನ್ನು ತಿದ್ದಿದ್ದರು. ನನ್ನ ಬೋಧನಾ ವಿಷಯ ಕನ್ನಡ. "ಮೊದಲನೆಯ ಭಿನ್ನರಾಶಿಗಿಂತ" ಎಂದು ನಾನು ಬರೆದದ್ದು ಎಲ್ಲ ಕಡೆ ನಡೆಯುವುದಿಲ್ಲ ಎಂದು ತೋರಿಸಲು ಅವರು 1/4 + 1/3 ಎಂಬ ಉದಾಹರಣೆ ಕೊಟ್ಟಿದ್ದರು. ಇಲ್ಲಿ ಮಗು 2/7 ಎಂದು ತಪ್ಪು ಬರೆದರೂ ಅದು 1/4ಕ್ಕಿಂತ ಹೆಚ್ಚೇ ಇರುವುದರಿಂದ ತಪ್ಪು ಸಿಕ್ಕಿಬೀಳುವುದಿಲ್ಲ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದಾಗ ಬರುವ ಸಂಖ್ಯೆ ಯಾವಾಗಲೂ ಆ ಎರಡು ಭಿನ್ನರಾಶಿಗಳ ನಡುವೆ ಇರುತ್ತದೆ. ಆದ್ದರಿಂದ ಎರಡರಲ್ಲಿ ದೊಡ್ಡದರೊಂದಿಗೆ ಹೋಲಿಸಬೇಕು. ಅಂಶ ಬದಲಿಸದ ತಪ್ಪಿಗೆ ಅದೂ ಸಾಲದು, 1/2 + 5/6ಕ್ಕೆ ಮಗು 6/6 ಎಂದು ಬರೆದರೆ ಅದು 5/6ಕ್ಕಿಂತ ಹೆಚ್ಚೇ ಆಗುತ್ತದೆ, ಅದಕ್ಕಾಗಿ ಕಾಗದದ ಪಟ್ಟಿ ಮಡಿಸಿ ಅರ್ಧವೆಂದರೆ ಆರರಲ್ಲಿ ಮೂರು ಎಂದು ಬೇರೆಯಾಗಿ ತೋರಿಸುತ್ತೇನೆ ಎಂದೂ ಬರೆದಿದ್ದರು. ನಾನು ಪತ್ರದಲ್ಲಿ "ಮೊದಲನೆಯ" ಎಂಬುದನ್ನು ಹೊಡೆದು "ದೊಡ್ಡ" ಎಂದು ತಿದ್ದಿ, ಪಕ್ಕದಲ್ಲಿ ಕಿರುಸಹಿ ಹಾಕಿದೆ.

ಹದಿನೈದು ದಿನಗಳ ಮೇಲೆ ಮೊದಲೇ ತಿಳಿಸಿ, ಕೇವಲ ಕಾಲು ಗಂಟೆ ಅದೇ ತರಗತಿಗೆ ಹೋದೆ. ಆ ಒಂದು ಸಲಹೆಯ ಹೊರತು ಬೇರೇನನ್ನೂ ನೋಡುವುದಿಲ್ಲ ಎಂದು ಹೇಳಿದ್ದೆ. ಲೆಕ್ಕ 5/6 + 1/4. ಮಕ್ಕಳೆಲ್ಲ ಮೊದಲು "5/6ಕ್ಕಿಂತ ಹೆಚ್ಚು" ಎಂದು ಬರೆದುಕೊಂಡರು. ಕಿಟಕಿಯ ಕಟ್ಟೆಯ ಮೇಲೆ ಹನ್ನೆರಡು ಮಡಿಕೆಯ ಕಾಗದದ ಪಟ್ಟಿಗಳಿದ್ದವು. ಶಿಕ್ಷಕಿ ಹಿಂದಿನ ಸಾಲಿನಿಂದಲೇ ಓಡಾಟ ಆರಂಭಿಸಿದ್ದರು. ಅದೇ ಆರು ಮಕ್ಕಳಲ್ಲಿ ಐವರದು 13/12, ಸರಿಯಾಗಿತ್ತು. ಆರನೆಯ ಹುಡುಗ 6/12 ಎಂದು ಬರೆದಿದ್ದ. ನಾನು ಬಳಿ ಹೋದಾಗ ಅವನು ಮೇಲಿನ ಸಾಲನ್ನೂ ಕೆಳಗಿನ ಉತ್ತರವನ್ನೂ ಬೆರಳಿಟ್ಟು ನೋಡುತ್ತಿದ್ದ. "ಇದು ಬರೇ ಅರ್ಧ ಆತ್ರಿ ಸರ್" ಎಂದು ಮೆಲ್ಲಗೆ ಹೇಳಿ, ರಬ್ಬರ್ ತೆಗೆದುಕೊಂಡು 6 ಅನ್ನು ಅಳಿಸಿದ. ನಂತರ ಕಿಟಕಿಯ ಕಡೆಗೆ ಎದ್ದುಹೋಗಿ ಒಂದು ಪಟ್ಟಿ ತಂದುಕೊಂಡ.